ಪಾಲಕ್, ಅಣಬೆ, ಬಟಾಣಿ: ತಟ್ಟೆಗೆ ಬರುವ ಪ್ರೋಟೀನ್ ಎಷ್ಟು?

ಚಿಕ್ಕಮ್ಮ ಗ್ರೂಪಿನಲ್ಲಿ ಕೇಳಿದ್ದು: "ಡಾಕ್ಟ್ರು ಚಿಕ್ಕಪ್ಪಂಗೆ ಪ್ರೋಟೀನ್ ಜಾಸ್ತಿ ಮಾಡಿ ಅಂದ್ರು. ಅದಕ್ಕೇ ರಾತ್ರಿ ಊಟಕ್ಕೆ ಮಶ್ರೂಮ್, ಬಟಾಣಿ, ಪಾಲಕ್ ಹಾಕಿ ಪಲ್ಯ ಮಾಡ್ತಾ ಇದ್ದೀನಿ. ಪಾಲಕ್‌ನಲ್ಲಿ ಮಾಂಸಕ್ಕಿಂತ ಜಾಸ್ತಿ ಪ್ರೋಟೀನ್ ಇದೆ ಅಂತ ವಿಡಿಯೊ ಬಂದಿತ್ತು. ಇಷ್ಟು ಸಾಕಲ್ವಾ?"

ಚಿಕ್ಕಮ್ಮ, ಸಾಕಾಗುವುದಿಲ್ಲ. ಪಲ್ಯ ಒಳ್ಳೆಯದೇ, ನಿಲ್ಲಿಸಬೇಡಿ. ಆದರೆ ಪ್ರೋಟೀನ್ ಕೆಲಸ ಅದರಿಂದ ಆಗುವುದಿಲ್ಲ. ಆಸ್ಪತ್ರೆಯಲ್ಲಿ ನಾನು ದಿನಾ ಹಾಕುವುದು ಇದೇ ಲೆಕ್ಕ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಬಿಡುವಾದಾಗ ಓದಿ.

ನಿಮ್ಮ ಪಲ್ಯವನ್ನೇ ತೆಗೆದುಕೊಳ್ಳೋಣ. ಅಂಗಡಿಯಲ್ಲಿ ಸಿಗುವ ಮಶ್ರೂಮ್ ಪ್ಯಾಕೆಟ್ ಸಾಮಾನ್ಯವಾಗಿ 200 ಗ್ರಾಂ. 100 ಗ್ರಾಂ ಹಸಿ ಅಣಬೆಯಲ್ಲಿ ಪ್ರೋಟೀನ್ ಸುಮಾರು 3 ಗ್ರಾಂ, ಅಂದರೆ ಪ್ಯಾಕೆಟ್ಟಿಗೆ 6. ಪಾಲಕ್ ಬೇರು, ದಂಟು ತೆಗೆದು 200 ಗ್ರಾಂ ಉಳಿಯಿತು ಅನ್ನಿ, ಅದರಿಂದ 5 ಗ್ರಾಂ. ಬಿಡಿಸಿದ ಹಸಿ ಬಟಾಣಿ 100 ಗ್ರಾಂ, ಅದರಿಂದ 6 ಗ್ರಾಂ. ಎಲ್ಲ ಸೇರಿ 17. ಮನೆಯಲ್ಲಿ ನೀವು ನಾಲ್ಕು ಜನ, ಒಬ್ಬೊಬ್ಬರ ತಟ್ಟೆಗೆ ಬರುವುದು 4 ಗ್ರಾಂ ಚಿಲ್ಲರೆ. ಆ ಪಲ್ಯದ ಜೊತೆ ಚಿಕ್ಕಪ್ಪ ತಿನ್ನುವ ಎರಡು ಚಪಾತಿಯಲ್ಲೇ 6-7 ಗ್ರಾಂ ಇರುತ್ತದೆ! ಪ್ರೋಟೀನ್‌ಗೆ ಅಂತ ಮಾಡಿದ ಪಲ್ಯಕ್ಕಿಂತ ಗೋಧಿ ಹಿಟ್ಟೇ ಜಾಸ್ತಿ ಕೊಟ್ಟಿತು.

ಚಿಕ್ಕಪ್ಪ 60 ಕೆಜಿ ಇದ್ದಾರೆ ಅಲ್ವಾ? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಆರೋಗ್ಯವಂತರಿಗೆ ದಿನಕ್ಕೆ ಕೆಜಿಗೆ 0.83 ಗ್ರಾಂ ಬೇಕು. ಅಂದರೆ ಅವರಿಗೆ ಸುಮಾರು 50 ಗ್ರಾಂ. ಡಾಕ್ಟರ್ ಜಾಸ್ತಿ ಮಾಡಿ ಅಂದಿದ್ದರೆ ಅದಕ್ಕೂ ಮೇಲೆ ಇರಬಹುದು. 50ರಲ್ಲಿ 4 ಎಷ್ಟರದು, ನೀವೇ ನೋಡಿ.

ಈಗ ಆ ವಿಡಿಯೊ ವಿಷಯ. ಅದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಜನ ನಂಬುತ್ತಾರೆ. ಅಲ್ಲಿ ಲೆಕ್ಕ ಹಾಕುವುದು ಕ್ಯಾಲೊರಿ ಮೇಲೆ. ಪಾಲಕ್‌ನಲ್ಲಿ ಬಹುಪಾಲು ನೀರು, 100 ಗ್ರಾಂ ಸೊಪ್ಪಿಗೆ ಕ್ಯಾಲೊರಿ 25ರ ಆಸುಪಾಸು ಅಷ್ಟೇ. ಇರುವ ಚೂರು ಕ್ಯಾಲೊರಿಯಲ್ಲಿ ಪ್ರೋಟೀನ್ ಪಾಲು ದೊಡ್ಡದಾಗಿ ಕಾಣುತ್ತದೆ. ಕೊಬ್ಬು ತುಂಬಿದ ಮಾಂಸದ ಪಕ್ಕ ಇಟ್ಟರೆ ಸೊಪ್ಪೇ ಗೆದ್ದ ಹಾಗೆ ಆಗುತ್ತದೆ. ಆದರೆ 100 ಕ್ಯಾಲೊರಿ ಪಾಲಕ್ ಅಂದರೆ 400 ಗ್ರಾಂಗೂ ಜಾಸ್ತಿ ಸೊಪ್ಪು. ಅಷ್ಟನ್ನೂ ಒಬ್ಬರೇ ತಿಂದರೆ ಬರುವುದು 10-12 ಗ್ರಾಂ ಪ್ರೋಟೀನ್. ಅದೇ 100 ಕ್ಯಾಲೊರಿ ಚರ್ಮ ತೆಗೆದ ಕೋಳಿ ಎದೆ ಮಾಂಸದಲ್ಲಿ, ಬೇಯಿಸಿದ್ದು ಬರೀ 60 ಗ್ರಾಂನಲ್ಲಿ, 18 ಗ್ರಾಂ ಸಿಗುತ್ತದೆ. ನಾವು ಮಾಂಸ ತಿನ್ನುವವರಲ್ಲ, ಸರಿ. ಆದರೂ ಸೊಪ್ಪನ್ನು ಅದರ ಜಾಗಕ್ಕೆ ಕೂರಿಸಲು ಆಗುವುದಿಲ್ಲ. ಪಾಲಕ್‌ನಿಂದಲೇ 20 ಗ್ರಾಂ ಬೇಕು ಅಂದರೆ ಮುಕ್ಕಾಲು ಕೆಜಿಗೂ ಮೇಲೆ ತಿನ್ನಬೇಕು. ಅದರಲ್ಲಿ ಆಕ್ಸಲೇಟ್ ಬೇರೆ ಜಾಸ್ತಿ, ಕಿಡ್ನಿ ಕಲ್ಲು ಆಗಿದ್ದವರು ದಿನಾ ರಾಶಿ ರಾಶಿ ತಿನ್ನಬಾರದು.

ಅಣಬೆಯದು ಇನ್ನೊಂದು ಥರ. ಅಣಬೆಯಲ್ಲಿ 20-30 ಪರ್ಸೆಂಟ್ ಪ್ರೋಟೀನ್ ಅಂತ ಬರೆಯುತ್ತಾರಲ್ಲ, ಅದು ಪೂರ್ತಿ ಒಣಗಿಸಿದ ಅಣಬೆಯ ಲೆಕ್ಕ. ನೀವು ತರುವ ಬಟನ್ ಮಶ್ರೂಮ್‌ನಲ್ಲಿ ನೂರಕ್ಕೆ 90ಕ್ಕೂ ಮೇಲೆ ನೀರೇ. ಬಾಣಲೆಗೆ ಹಾಕಿ ಉಪ್ಪು ಉದುರಿಸಿದ ಕೂಡಲೇ ನೀರು ಬಿಟ್ಟುಕೊಂಡು, ತುಂಬಿದ್ದ ಬಾಣಲೆ ಅರ್ಧಕ್ಕೆ ಇಳಿಯುತ್ತದೆ, ನೋಡಿರುತ್ತೀರಿ. ಜೊತೆಗೆ ಹಳೆಯ ಪಟ್ಟಿಗಳಲ್ಲಿ ಅಣಬೆಯ ಅಂಕಿ ಸ್ವಲ್ಪ ಉಬ್ಬಿಯೂ ಇರಬಹುದು. ಲ್ಯಾಬಿನಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. ಅಣಬೆಯ ಜೀವಕೋಶಗಳ ಗೋಡೆಯಲ್ಲಿ ಕೈಟಿನ್ ಅಂತ ಒಂದು ವಸ್ತು ಇದೆ. ಅದರಲ್ಲೂ ನೈಟ್ರೋಜನ್ ಇರುತ್ತದೆ, ಆದರೆ ಅದು ಪ್ರೋಟೀನ್ ಅಲ್ಲ. ಅದಕ್ಕೇ ಅಣಬೆಗೆ 4.38ರಿಂದ ಗುಣಿಸುವ ರೂಢಿ ಬಂತು. ಯಾರು ಯಾವುದರಿಂದ ಗುಣಿಸಿದರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಬಟಾಣಿಗೆ ಮಾತ್ರ ನಾನು ಸ್ವಲ್ಪ ಮರ್ಯಾದೆ ಕೊಡುತ್ತೇನೆ. ಅದು ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಕಾಳಿನ ಜಾತಿಯದು, ಎಳೆಯದರಲ್ಲೇ ಕಿತ್ತದ್ದು ಅಷ್ಟೇ. ತೊಂದರೆ ಏನೆಂದರೆ ನಾವು ಪಲಾವಿಗೆ, ಸಾಗುಗೆ ಒಂದು ಹಿಡಿ ಉದುರಿಸಿ ಪ್ರೋಟೀನ್ ಆಯಿತು ಅಂದುಕೊಳ್ಳುತ್ತೇವೆ. ಸಿಪ್ಪೆ ಸಮೇತ ಒಂದು ಕೆಜಿ ತಂದರೆ ಕಾಳು ಸಿಗುವುದು ಹೆಚ್ಚುಕಮ್ಮಿ ಅರ್ಧ ಕೆಜಿ. ಅದರ ಬದಲು ಒಣ ಬಟಾಣಿ ರಾತ್ರಿ ನೆನೆಸಿಡಿ. 100 ಗ್ರಾಂ ಒಣ ಕಾಳಿನಲ್ಲಿ 20 ಗ್ರಾಂಗೂ ಮೇಲೆ ಇರುತ್ತದೆ. ಡಬ್ಬಿಯಲ್ಲಿ ಬರುವ ಪೀ ಪ್ರೋಟೀನ್ ಪುಡಿಯನ್ನೂ ಸಾಮಾನ್ಯವಾಗಿ ಒಣ ಹಳದಿ ಬಟಾಣಿಯಿಂದಲೇ ತೆಗೆಯುತ್ತಾರೆ, ಹಸಿ ಬಟಾಣಿಯಿಂದ ಅಲ್ಲ.

ಹಾಗಾದರೆ ರಾತ್ರಿಗೆ ಏನು ಮಾಡುವುದು? ಬಸ್ಸಾರು ಮಾಡಿ ಚಿಕ್ಕಮ್ಮ. ಸೊಪ್ಪೂ ಬೇಕು, ಪ್ರೋಟೀನೂ ಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ನಾಲ್ಕು ಜನಕ್ಕೆ 150 ಗ್ರಾಂ ಹೆಸರುಕಾಳು ತೂಗಿ ಹಾಕಿ, ಕಣ್ಣಂದಾಜು ಬೇಡ. ಕಾಳು ಮುಕ್ಕಾಲು ಬೆಂದ ಮೇಲೆ ಅದೇ ಪಾಲಕ್ ಸೇರಿಸಿ, ಬಸಿದು, ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ, ಗಟ್ಟಿಯನ್ನು ಪಲ್ಯ ಮಾಡಿ. ಬಸಿದ ನೀರು ಸಾರಿಗೇ ಹೋಗುವುದರಿಂದ ಏನೂ ಚೆಲ್ಲಿ ಹೋಗುವುದಿಲ್ಲ. ಕಾಳಿನಿಂದ 36 ಗ್ರಾಂ, ಅಂದರೆ ತಲಾ 9. ಸೊಪ್ಪಿನದು ಮೇಲೆ ಒಂದು. ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು ಕೊಟ್ಟರೆ ಇನ್ನೊಂದು 5. ಎರಡು ಚಪಾತಿಯೂ ಸೇರಿ ರಾತ್ರಿ ಊಟಕ್ಕೇ 20 ದಾಟಿತು. ಮಶ್ರೂಮ್ ಇಷ್ಟ ಅಂದರೆ ಅದಕ್ಕೆ 200 ಗ್ರಾಂ ಪನೀರ್ ಸೇರಿಸಿ, ತಲಾ 9-10 ಗ್ರಾಂ ಪನೀರಿನಿಂದಲೇ ಬರುತ್ತದೆ. ಇಲ್ಲದಿದ್ದರೆ ಸೋಯಾ ಚಂಕ್ಸ್, ಒಬ್ಬರಿಗೆ 25 ಗ್ರಾಂ ಒಣದ್ದು ಹಾಕಿದರೆ 12-13 ಗ್ರಾಂ. ನೆನೆದು ಉಬ್ಬಿದ ಮೇಲೆ ತೂಗಬೇಡಿ, ಲೆಕ್ಕ ತಪ್ಪುತ್ತದೆ.

ಸಾಂಬಾರಿನ ವಿಷಯವೂ ಹೇಳಿಬಿಡುತ್ತೇನೆ. ಬೇಳೆ ದಿನಾ ತಿನ್ನುತ್ತೇವಲ್ಲ ಅಂತ ನೀವು ಅನ್ನಬಹುದು. 150 ಗ್ರಾಂ ತೊಗರಿಬೇಳೆಯನ್ನು ನಾಲ್ಕು ಜನ ಎರಡು ಹೊತ್ತು ಹಂಚಿಕೊಂಡರೆ ಹೊತ್ತಿಗೆ ಒಬ್ಬರಿಗೆ 4 ಗ್ರಾಂ. ಸೌಟು ಹಾಕಿದರೆ ತಳ ಕಾಣುವಷ್ಟು ತೆಳ್ಳಗಿದ್ದರೆ ಅದಕ್ಕೂ ಕಡಿಮೆ. ಒಂದು ಹೊತ್ತಾದರೂ ಗಟ್ಟಿ ತೊವ್ವೆ ಮಾಡಿ.

ಇದನ್ನೆಲ್ಲ ಶುರು ಮಾಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ದಿನಕ್ಕೆ ಎಷ್ಟು ಗ್ರಾಂ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಚಿಕ್ಕಪ್ಪನ ಕ್ರಿಯಾಟಿನಿನ್ ರಿಪೋರ್ಟ್ ಇತ್ತೀಚಿನದು ಇದೆಯಾ ನೋಡಿ, ಕಿಡ್ನಿಯಲ್ಲಿ ಏನಾದರೂ ತೊಂದರೆ ಇದ್ದರೆ ಜಾಸ್ತಿ ಪ್ರೋಟೀನ್ ಒಳ್ಳೆಯದಲ್ಲ. ಡಾಕ್ಟರ್ ಹೇಳಿದ ಗ್ರಾಂ ಲೆಕ್ಕ ನನಗೆ ಕಳಿಸಿ, ಬೆಳಗಿನ ತಿಂಡಿಯಿಂದ ಹಿಡಿದು ಪೂರ್ತಿ ದಿನದ್ದು ಕೂತು ಬರೆದು ಕೊಡುತ್ತೇನೆ.