ಸಹಾಯ ಬೇಕು: ತಾತ್ಕಾಲಿಕ ತಡೆಯಾಜ್ಞೆ ಅರ್ಜಿಯಲ್ಲಿ ನಷ್ಟಕ್ಕೆ ಬೆಲೆ ಕಟ್ಟಿಬಿಟ್ಟಿದ್ದೇವೆ

ಗುಂಪಿನ ವಕೀಲರಿಗೆ ನಮಸ್ಕಾರ. ಅಮ್ಮನ ಅಡಿಕೆ ತೋಟದ ಒಳಗೆ ಪಕ್ಕದವರು ಜೆಸಿಬಿ ತಂದು ದಾರಿ ಮಾಡಲು ಹೊರಟಿದ್ದಾರೆ. ದಾವಾ ಹಾಕಿ, ಸಿಪಿಸಿ ಆದೇಶ 39 ನಿಯಮ 1 ಮತ್ತು 2ರಡಿ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ ಕೊಟ್ಟಿದ್ದೇವೆ.

ಮೇಲ್ನೋಟದ ಹಕ್ಕಿಗೆ ಪಹಣಿ, ಸರ್ವೆ ಸ್ಕೆಚ್ ಇವೆ. ಸ್ವಾಧೀನವೂ ನಮ್ಮದೇ. ಅವರಿಗೆ ಓಡಾಡಲು ಬೇರೆ ದಾರಿ ಇದೆ, ಫೋಟೋ ಕೊಟ್ಟಿದ್ದೇವೆ. ಹಾಗಾಗಿ ಕೆಲಸ ನಿಂತರೆ ಅವರಿಗಿಂತ, ನಡೆದರೆ ನಮಗೇ ತೊಂದರೆ ಜಾಸ್ತಿ.

ತೊಡಕು ಮೂರನೆಯ ಅಂಶದಲ್ಲಿ, ಅಂದರೆ ನಷ್ಟ ಹಣದಿಂದ ತುಂಬಲಾಗದ್ದು ಎಂದು ತೋರಿಸುವುದರಲ್ಲಿ. ಅಫಿಡವಿಟ್‌ನಲ್ಲಿ '40 ಮರ ಹೋದರೆ 4 ಲಕ್ಷ ನಷ್ಟ' ಎಂದು ಬರೆದುಬಿಟ್ಟಿದ್ದೇವೆ. ಅವರು ತಕರಾರಿನಲ್ಲಿ ಅದನ್ನೇ ಹಿಡಿದಿದ್ದಾರೆ: ಲೆಕ್ಕ ಹಾಕಬಹುದಾದ ನಷ್ಟವನ್ನು ಹಣದಲ್ಲಿ ತುಂಬಬಹುದು, ತಡೆಯಾಜ್ಞೆ ಯಾಕೆ ಅಂತ. ಆದರೆ ಮರ ಕಡಿದು ಮಣ್ಣು ಬಗೆದರೆ ಜಾಗದ ಸ್ವರೂಪವೇ ಬದಲಾಗುತ್ತದೆ, ಅಲ್ವಾ? ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಇದನ್ನು ನಾವು ಬರೆದೇ ಇಲ್ಲ.

ವಾದಕ್ಕೆ ಮೊದಲು ಹೆಚ್ಚುವರಿ ಅಫಿಡವಿಟ್ ಹಾಕಿ ಇದನ್ನು ಸೇರಿಸಬಹುದಾ? ಹಳೆಯ 4 ಲಕ್ಷದ ಮಾತನ್ನು ಹೇಗೆ ವಿವರಿಸಬೇಕು? ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ಕೇಳುವುದು ಈ ಹಂತದಲ್ಲಿ ಸರಿಯಾ? ಇಂಥ ಕೇಸು ನಡೆಸಿದವರು ದಯವಿಟ್ಟು ತಿಳಿಸಿ. ಮುಂದಿನ ವಾರ ವಾದಕ್ಕಿದೆ.