ಪದಚರ್ಚೆ: ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ನಾಳೆ ಸಂಜೆಯೊಳಗೆ ಬೇಕು)

ಶಿರಸಿಯಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ಯಾರೇಜಿನವರೊಬ್ಬರು ಗೋಡೆಗೆ ಹಾಕಲು ಫ್ಲೆಕ್ಸ್ ಮಾಡಿಸುತ್ತಿದ್ದಾರೆ. ಗಿರಾಕಿಗಳು ಓದಿ ತಿಳಿದುಕೊಳ್ಳಲಿ ಎಂಬುದು ಅವರ ಆಸೆ. ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದನ್ನು ನಾನು ಕನ್ನಡಕ್ಕೆ ತಂದು ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಕಂಪ್ರೆಶನ್ ಟೆಸ್ಟಿಗೆ ‘ಒತ್ತಡ ಪರೀಕ್ಷೆ’, ಲೀಕ್‌ಡೌನ್ ಟೆಸ್ಟಿಗೆ ‘ಒತ್ತಡ ಸೋರಿಕೆ ಪರೀಕ್ಷೆ’ ಎಂದು ಬರೆದುಕೊಂಡಿದ್ದೇನೆ. ಕೆಳಗಿನ ಸಾಲು ಹೀಗಿದೆ: ‘ರೀಡಿಂಗ್ ಕಡಿಮೆ ಬಂದರೆ ರಿಂಗ್ ಸವೆದಿದೆ, ವಾಲ್ವ್ ಸುಟ್ಟಿದೆ ಅಥವಾ ಹೆಡ್ ಗ್ಯಾಸ್ಕೆಟ್ ಸ್ಫೋಟಗೊಂಡಿದೆ.’ ಓದಿದರೆ ಎರಡು ಪರೀಕ್ಷೆಗಳೂ ಒಂದೇ ಅನ್ನಿಸುತ್ತಿದೆ. ಎಲ್ಲಿ ತಪ್ಪಿದೆ?

ಬೆಂಗಳೂರಿನಿಂದ

ಸಂಪೀಡನ ಪರೀಕ್ಷೆ. ಕ್ಷರಣ ಪರೀಕ್ಷೆ. ‘ಸಂಪೀಡನ’ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಶಬ್ದದ ಪಾಠದಲ್ಲೇ ಇದೆ. ಹೊಸದನ್ನು ಹುಟ್ಟಿಸುವ ಅಗತ್ಯವಿಲ್ಲ.

ಹೊನ್ನಾವರದಿಂದ, ನಿವೃತ್ತ ಮಾಸ್ತರು

‘ಕ್ಷರಣ’ ಎಂದು ಬರೆದ ಗ್ಯಾರೇಜಿಗೆ ಯಾರು ಗಾಡಿ ತರುತ್ತಾರೆ? ಬೇಡ.

ನನ್ನ ತಕರಾರು ‘ಸೋರಿಕೆ’ಯ ಮೇಲೂ ಇದೆ. ಸೋರುವುದು ನೀರು, ಎಣ್ಣೆ, ಹಾಲು. ಮಳೆಗಾಲದಲ್ಲಿ ಮಾಡು ಸೋರುತ್ತದೆ. ತಮಿಳಿನ ‘ಚೋರ್’ ಕೂಡ ಇದೇ ಬೇರಿನದು, ಅಲ್ಲಿಯೂ ಹನಿದು ಕೆಳಗಿಳಿಯುವ ಅರ್ಥವೇ. ಗಾಳಿ ಸೋರುವುದಿಲ್ಲ. ಟಾಯರಿನ ಗಾಳಿ ‘ಹೋಯ್ತು’ ಅನ್ನುತ್ತೇವೆ, ‘ಇಳಿಯಿತು’ ಅನ್ನುತ್ತೇವೆ. ‘ಸೋರಿತು’ ಎಂದವರನ್ನು ನಾನು ಕಂಡಿಲ್ಲ. ಲೀಕ್‌ಡೌನಿನ ‘ಡೌನ್’ ಇರುವುದೂ ಅಲ್ಲೇ. ‘ಗಾಳಿ ಇಳಿತ’ ಎಂದು ಬರೆಯಿರಿ. ಕಂಪ್ರೆಶನ್ನಿಗೆ ‘ಅಮುಕು’ ಸಾಕು. ‘ಅಮುಕು ಪರೀಕ್ಷೆ’, ‘ಗಾಳಿ ಇಳಿತದ ಪರೀಕ್ಷೆ’.

ಬೆಂಗಳೂರಿನಿಂದ

1984ರಿಂದ ಪತ್ರಿಕೆಗಳು ‘ಭೋಪಾಲ್ ಅನಿಲ ಸೋರಿಕೆ’ ಎಂದೇ ಬರೆಯುತ್ತಿವೆ. ಅನಿಲ ದ್ರವವೇ?

ಕುಮಟಾದಿಂದ

ಪದ ಏನೇ ಇರಲಿ, ವಿಷಯ ಸರಳ. ಕಂಪ್ರೆಶನ್ ಕಡಿಮೆ ಎಂದರೆ ರಿಂಗ್ ಹೋಗಿದೆ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ಎರಡನೇ ಪರೀಕ್ಷೆ ದುಡ್ಡು ಕೀಳುವ ದಾರಿ. ನನ್ನ ಕಾರಿಗೆ ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಎಳೆತ ಕಡಿಮೆಯಾಯಿತು. ನೋಡಿದರೆ ನಾಲ್ಕೂ ಸಿಲಿಂಡರಿನಲ್ಲಿ 110ರ ಆಸುಪಾಸು. ಎಣ್ಣೆ ಬಿಟ್ಟಾಗ 120 ಆಯಿತು. ರಿಂಗ್ ಬದಲಿಸಲು ಹೇಳಿದ್ದೇನೆ. ಫ್ಲೆಕ್ಸಿನಲ್ಲಿ ‘ರಿಂಗ್ ಪರೀಕ್ಷೆ’ ಎಂದು ಹಾಕಿ.

ಕಾರವಾರದಿಂದ, ಮೆಕ್ಯಾನಿಕ್

ಕುಮಟಾದವರೇ, ಎಂಜಿನ್ ಬಿಚ್ಚಬೇಡಿ, ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ.

ಅಕ್ಕಾ, ನಿಮ್ಮ ಅನುಮಾನ ಸರಿ ಇದೆ. ‘ಒತ್ತಡ’ ಎರಡೂ ಕಡೆ ಬಂದದ್ದರಿಂದ ಹಾಗಾಗಿದೆ. ಮೊದಲನೆಯ ಪರೀಕ್ಷೆಯಲ್ಲಿ ಎಂಜಿನ್ ತಾನೇ ಗಾಳಿಯನ್ನು ಒತ್ತುತ್ತದೆ. ಪ್ಲಗ್ಗುಗಳನ್ನೆಲ್ಲ ತೆಗೆದು, ಒಂದು ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರಿನಿಂದ ತಿರುಗಿಸುತ್ತೇವೆ. ಎರಡನೆಯದರಲ್ಲಿ ಎಂಜಿನ್ ತಿರುಗುವುದೇ ಇಲ್ಲ. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುತ್ತತುದಿಯಲ್ಲಿ ನಿಲ್ಲಿಸಿ, ಎರಡೂ ವಾಲ್ವ್ ಮುಚ್ಚಿರುವಾಗ ಹೊರಗಿನಿಂದ 100 ಪಿಎಸ್‌ಐ ಗಾಳಿ ಬಿಡುತ್ತೇವೆ. ಒಳಗೆ ನಿಂತದ್ದೆಷ್ಟು ಎಂದು ಎರಡನೇ ಗೇಜ್ ತೋರಿಸುತ್ತದೆ. 100 ಬಿಟ್ಟು 80 ನಿಂತರೆ ಹೋದದ್ದು 20%.

ನಿಮ್ಮ ಸಾಲಿನಲ್ಲಿ ದೊಡ್ಡ ತಪ್ಪು ಆಗುವುದು ಇಲ್ಲೇ. ಕಂಪ್ರೆಶನ್ನಿನಲ್ಲಿ ರೀಡಿಂಗ್ ಕಡಿಮೆ ಬಂದರೆ ಕೆಟ್ಟದ್ದು. ಲೀಕ್‌ಡೌನಿನ ಪರ್ಸೆಂಟ್ ಕಡಿಮೆ ಬಂದರೆ ಒಳ್ಳೆಯದು. ಎರಡಕ್ಕೂ ಸೇರಿಸಿ ‘ರೀಡಿಂಗ್ ಕಡಿಮೆ ಬಂದರೆ’ ಎಂದು ಬರೆದರೆ, 8% ಬಂದ ಗಟ್ಟಿ ಎಂಜಿನ್ನಿನ ಮಾಲಕ ಹೆದರಿ ರಿಂಗ್ ಹಾಕಿಸಿಕೊಂಡು ಹೋಗುತ್ತಾನೆ.

‘ಗ್ಯಾಸ್ಕೆಟ್ ಸ್ಫೋಟ’ವಂತೂ ಬೇಡವೇ ಬೇಡ. ಅದು ಒಡೆದು ಸಿಡಿಯುವುದಿಲ್ಲ, ಒಂದು ಕಡೆ ಸುಟ್ಟು ದಾರಿ ಬಿಡುತ್ತದೆ. ನಾವು ‘ಹೆಡ್ ಪ್ಯಾಕಿಂಗ್ ಹೋಗಿದೆ’ ಅನ್ನುತ್ತೇವೆ.

ಒಂದು ಉದಾಹರಣೆ ಕೊಡುತ್ತೇನೆ. ಹೋದ ಬೇಸಿಗೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ಹೋಸ್ ಒಡೆದು ಹೀಟಾದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರೊಂದು ಬಂತು. ಹೋಸ್ ಬದಲಿಸಿದ್ದರೂ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಕಂಪ್ರೆಶನ್ ನೋಡಿದೆ: 165, 95, 90, 160. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚಿನದಕ್ಕೂ ಕಡಿಮೆಯದಕ್ಕೂ 15% ಮೀರಿ ಅಂತರ ಇರಬಾರದು. ಎರಡನೆಯದಕ್ಕೂ ಮೂರನೆಯದಕ್ಕೂ ಚಮಚ ಎಣ್ಣೆ ಬಿಟ್ಟೆ, 95 ಇದ್ದದ್ದು 100 ಆಯಿತು, ಅಷ್ಟೇ. ಕುಮಟಾದವರ ಸೂತ್ರದಂತೆ ಹೋಗಿದ್ದರೆ ಇದು ವಾಲ್ವ್ ಎಂದಾಗುತ್ತಿತ್ತು. ಆದರೆ ಅಕ್ಕಪಕ್ಕದ ಎರಡೇ ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವಿನ ಗೋಡೆಯ ಮೇಲೆ ಮೊದಲು ಕಣ್ಣಿಡಬೇಕು. ಎರಡನೆಯದಕ್ಕೆ ಗಾಳಿ ಬಿಟ್ಟೆ. ನಿಂತದ್ದು 55. ಸೈಲೆನ್ಸರಿನ ಬಾಯಿಗೆ ಕಿವಿ ಕೊಟ್ಟರೆ ಸದ್ದಿಲ್ಲ, ಹಾಗಾಗಿ ಎಕ್ಸಾಸ್ಟ್ ವಾಲ್ವ್ ಸರಿ ಇದೆ. ಏರ್ ಫಿಲ್ಟರಿನ ಕಡೆ ಸದ್ದಿಲ್ಲ, ಇನ್‌ಲೆಟ್ ವಾಲ್ವೂ ಸರಿ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಸಣ್ಣಗೆ ಸುಯ್ ಎಂದಿತು. ರಿಂಗಿನ ಬಾಯಲ್ಲಿ ಅಷ್ಟು ಗಾಳಿ ಹೊಸ ಎಂಜಿನ್ನಿನಲ್ಲೂ ಹೋಗುತ್ತದೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಇಲ್ಲ. ಮೂರನೆಯದರ ಪ್ಲಗ್ಗಿನ ತೂತಿನ ಮೇಲೆ ಅಂಗೈ ಇಟ್ಟರೆ ಗಾಳಿ ಕೈಗೆ ಹೊಡೆಯಿತು. ಹೆಡ್ ಎತ್ತಿದಾಗ ಪ್ಯಾಕಿಂಗಿನಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ಕಿರುಬೆರಳಗಲ ಕಪ್ಪು ಗೆರೆ ಇತ್ತು.

ಅಂದರೆ ಮೊದಲನೆಯ ಪರೀಕ್ಷೆ ಕಾಯಿಲೆ ಇದೆ ಎಂದು ಹೇಳುತ್ತದೆ, ಎರಡನೆಯದು ಗಾಳಿ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಹೇಳುತ್ತದೆ. ಹೆಸರಿನಲ್ಲಿ ಅದು ಬಂದರೆ ಸಾಕು.

ಹೊನ್ನಾವರದಿಂದ, ನಿವೃತ್ತ ಮಾಸ್ತರು

ನೋಡಿ, ಇಷ್ಟು ಬರೆದರೂ ಇವರು ಒಮ್ಮೆಯೂ ‘ಸೋರಿತು’ ಎನ್ನಲಿಲ್ಲ. ಗಾಳಿ ಹೋಯಿತು, ಗಾಳಿ ನಿಂತಿತು. ನಾನು ಹೇಳಿದ್ದೂ ಅದನ್ನೇ.

ಆದರೆ ‘ಪ್ಯಾಕಿಂಗ್’ ಯಾಕೆ? ಗ್ಯಾಸ್ಕೆಟ್ ಎಂದರೆ ಮೂಲದಲ್ಲಿ ಹಾಯಿಯನ್ನು ಸುತ್ತಿ ಕಟ್ಟುವ ಹಗ್ಗ. ಹಡಗಿನ ಮಾತು ಅದು. ಹಾಯಿ ಕಟ್ಟಿ ಬದುಕಿದ ಕರಾವಳಿಯವರಾದ ನಮ್ಮಲ್ಲಿ ಅದಕ್ಕೊಂದು ಸ್ವಂತ ಪದ ಇಲ್ಲವೆಂದರೆ ನನಗೆ ಬೇಸರವಾಗುತ್ತದೆ. ವಾಲ್ವಿಗೆ ‘ಕದ’ ಆಗದೇ? ‘ಕವಾಟ’ವೂ ಬಾಗಿಲೇ ತಾನೇ.

ಬೆಂಗಳೂರಿನಿಂದ

ಮಾಸ್ತರೇ, ಹಾಯಿಗೂ ಸಿಲಿಂಡರಿಗೂ ಏನು ಸಂಬಂಧ? ಹೃದಯದ ಕವಾಟ ಎಲ್ಲರಿಗೂ ಗೊತ್ತು. ‘ಹೃದಯದ ಕದ’ ಕೆಟ್ಟಿದೆ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ.

ಕಾರವಾರದಿಂದ, ಮೆಕ್ಯಾನಿಕ್

‘ಕದ ಸುಟ್ಟಿದೆ’ ಎಂದರೆ ಗಿರಾಕಿ ಕಾರಿನ ಡೋರ್ ನೋಡುತ್ತಾನೆ. ನಮ್ಮ ಜಿಲ್ಲೆಯಲ್ಲಿ ಬಟಾಟೆ, ಚಾವಿ ಎಂದೇ ಅನ್ನುತ್ತೇವೆ. ಎರಡೂ ಪೋರ್ಚುಗೀಸರಿಂದ ಬಂದದ್ದು. ಬಾಯಲ್ಲಿ ನಿಂತ ಮೇಲೆ ಅದು ನಮ್ಮದೇ. ವಾಲ್ವ್, ರಿಂಗ್, ಪ್ಯಾಕಿಂಗ್ ಕೂಡ ಹಾಗೆಯೇ.

ಕುಮಟಾದವರೇ, ಈಗ ನಿಮ್ಮ ಕಾರು. ನಾಲ್ಕೂ ಒಂದೇ ಸಮ ಕಡಿಮೆ, ಅದೂ ಬೆಲ್ಟ್ ಹಾಕಿದ ಮೇಲೆ. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತರೂ ವಾಲ್ವ್ ಮುಚ್ಚುವ ಹೊತ್ತು ತಪ್ಪಿ ಹೀಗೆ ಆಗಬಹುದು. ಬ್ಯಾಟರಿ ಸೊರಗಿದ್ದರೂ, ಪರೀಕ್ಷೆ ಮಾಡುವಾಗ ಆಕ್ಸಿಲರೇಟರ್ ಒತ್ತದಿದ್ದರೂ ಆಗಬಹುದು. ಎಣ್ಣೆ ಬಿಟ್ಟಾಗ 10 ಏರಿದ್ದು ರಿಂಗಿನ ಸಾಕ್ಷಿಯಲ್ಲ, ಎಣ್ಣೆ ಜಾಗ ತುಂಬಿದ್ದಕ್ಕೇ ಅಷ್ಟು ಏರುತ್ತದೆ. ಲೀಕ್‌ಡೌನ್ ಮಾಡಿಸಿ. ಗಾಳಿ ಚೆನ್ನಾಗಿ ನಿಂತರೆ ರಿಂಗ್ ಸರಿ ಇದೆ, ಬೆಲ್ಟಿನ ಗುರುತು ನೋಡಬೇಕು.

ಬೈತಖೋಲದಿಂದ, ಬೋಟಿನವರು

ನಮ್ಮ ಬೋಟಿನ ಡೀಸೆಲ್ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಬಿಳಿ ಹೊಗೆ ಬರುತ್ತದೆ. ಕಾರಿನ ಗ್ಯಾರೇಜಿನವನ ಗೇಜ್ ತಂದು ಎಣ್ಣೆ ಬಿಟ್ಟು ನೋಡಬಹುದೇ? ಶಿರಸಿಯವರು ಬೋಟಿಗೂ ಮಾಡಿಕೊಡುತ್ತಾರೆಯೇ?

ಕಾರವಾರದಿಂದ, ಮೆಕ್ಯಾನಿಕ್

ಮಾಡಬೇಡಿ. ಪೆಟ್ರೋಲ್ ಗೇಜು ಸಾಮಾನ್ಯವಾಗಿ 300ಕ್ಕೆ ಮುಗಿಯುತ್ತದೆ, ಡೀಸೆಲ್ ಅದನ್ನು ದಾಟುತ್ತದೆ. ಇಂಜೆಕ್ಟರ್ ಬಿಚ್ಚಿ ಅದರ ಜಾಗದಲ್ಲಿ ಹಾಕುವ ಬೇರೆ ಗೇಜ್ ಬೇಕು. ಎಣ್ಣೆಯನ್ನಂತೂ ಬಿಡಲೇಬೇಡಿ. ಡೀಸೆಲ್ಲಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಸಣ್ಣದು, ಎಣ್ಣೆ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬಿಳಿ ಹೊಗೆಗೆ ಇಂಜೆಕ್ಟರೂ ಕಾರಣ ಇರಬಹುದು, ಕಂಪ್ರೆಶನ್ನೂ ಇರಬಹುದು. ನೋಡದೆ ಹೇಳಲಾರೆ. ಬಂದರಿನ ಹತ್ತಿರವೇ ಇರುತ್ತೇನೆ, ಭಾನುವಾರ ಬೋಟಿಗೇ ಬರುತ್ತೇನೆ.

ಶಿರಸಿಯಿಂದ, ಅನುವಾದಕಿ

ಪ್ರಿಂಟಿಗೆ ಕೊಟ್ಟೆ. ಹೆಸರು ‘ಕಂಪ್ರೆಶನ್ ಪರೀಕ್ಷೆ’ ಮತ್ತು ‘ಗಾಳಿ ಸೋರಿಕೆ ಪರೀಕ್ಷೆ’. ಮಾಸ್ತರೇ, ಕ್ಷಮಿಸಿ, ‘ಗಾಳಿ ಇಳಿತ’ ಎಂದು ಬರೆದು ಗ್ಯಾರೇಜಿನ ಹುಡುಗನಿಗೆ ತೋರಿಸಿದೆ. ಅವನು ಟಾಯರಿನ ಕೆಲಸ ಎಂದುಕೊಂಡ. ಸಾಲುಗಳನ್ನು ಬೇರೆ ಬೇರೆ ಮಾಡಿದ್ದೇನೆ:

‘ಕಂಪ್ರೆಶನ್ ಪರೀಕ್ಷೆ: ಎಂಜಿನ್ ಒತ್ತುವ ಬಲ ಎಷ್ಟಿದೆ ಎಂದು ನೋಡುತ್ತೇವೆ. ಕಡಿಮೆ ಬಂದರೆ ತೊಂದರೆ ಇದೆ.’

‘ಗಾಳಿ ಸೋರಿಕೆ ಪರೀಕ್ಷೆ: ನಾವು ಬಿಟ್ಟ ಗಾಳಿ ಎಷ್ಟು ಹೋಯಿತು, ಎಲ್ಲಿಂದ ಹೋಯಿತು ಎಂದು ನೋಡುತ್ತೇವೆ. ಹೆಚ್ಚು ಹೋದರೆ ತೊಂದರೆ ಇದೆ. ಸೈಲೆನ್ಸರ್ ಅಥವಾ ಏರ್ ಫಿಲ್ಟರಿನ ಕಡೆಯಿಂದ ಹೋದರೆ ವಾಲ್ವ್, ಎಣ್ಣೆ ಮುಚ್ಚಳದಿಂದ ಜೋರಾಗಿ ಹೋದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಅಥವಾ ಪಕ್ಕದ ಸಿಲಿಂಡರಿಗೆ ಹೋದರೆ ಹೆಡ್ ಪ್ಯಾಕಿಂಗ್.’

ಹೊನ್ನಾವರದಿಂದ, ನಿವೃತ್ತ ಮಾಸ್ತರು

ಆರು ಸಲ ‘ಹೋಯಿತು’, ‘ಹೋದರೆ’ ಎಂದು ಬರೆದು ತಲೆಬರಹದಲ್ಲಿ ಮಾತ್ರ ‘ಸೋರಿಕೆ’! ನಾನು ಒಪ್ಪುವುದಿಲ್ಲ. ‘ಒತ್ತುವ ಬಲ’ ಚೆನ್ನಾಗಿದೆ.

ಕುಮಟಾದಿಂದ

ಫೋನ್ ಮಾಡಿದೆ. ಹೆಡ್ ಇನ್ನೂ ಬಿಚ್ಚಿಲ್ಲವಂತೆ. ಬೆಲ್ಟಿನ ಕವರ್ ತೆಗೆದು ಗುರುತು ನೋಡಲು ಹೇಳಿದ್ದೇನೆ. ನಾಳೆ ತಿಳಿಯುತ್ತದೆ.