ಸಹಾಯ ಬೇಕು: ಭಾವಗೀತೆಯ ಗಾಯನಕ್ಕೆ ರಿವರ್ಬ್‌ನ ಡಿಕೇ ಎಷ್ಟಿರಬೇಕು?

ಸದಸ್ಯರಿಗೆ ನಮಸ್ಕಾರ. ಕಾಸರಗೋಡಿನ ಬದಿಯಡ್ಕದಲ್ಲಿರುವ ನಮ್ಮ ಸಣ್ಣ ಸ್ಟುಡಿಯೋದಲ್ಲಿ ಹಾರ್ಮೋನಿಯಂ, ತಬಲಾ ಮಾತ್ರ ಇರುವ ಒಂದು ಭಾವಗೀತೆಯನ್ನು 75 ಬಿಪಿಎಂನಲ್ಲಿ ಮಿಕ್ಸ್ ಮಾಡುತ್ತಿದ್ದೇನೆ. ಗಾಯನದ ಟ್ರ್ಯಾಕಿನಿಂದ ಪೋಸ್ಟ್-ಫೇಡರ್ ಸೆಂಡ್‌ಗಳ ಮೂಲಕ ಒಂದು ಪ್ಲೇಟ್ ರಿವರ್ಬ್‌ಗೂ ಒಂದು ಡಿಲೇಗೂ ಕಳುಹಿಸಿದ್ದೇನೆ. ಎರಡೂ ಪೂರ್ಣ ವೆಟ್‌ನಲ್ಲಿವೆ. ಡಿಲೇ ಅರ್ಧ ಬೀಟಿಗೆ, ಅಂದರೆ 400 ಮಿಲಿಸೆಕೆಂಡಿಗೆ ಹೊಂದಿದ್ದು, ಅದರ ಬಗ್ಗೆ ತಕರಾರಿಲ್ಲ.

ತೊಡಕಿರುವುದು ರಿವರ್ಬ್‌ನಲ್ಲಿ. ಪ್ರೀ-ಡಿಲೇ 10 ಮಿಲಿಸೆಕೆಂಡ್ ಇಟ್ಟರೆ ಧ್ವನಿ ಹಾರ್ಮೋನಿಯಂನ ಹಿಂದಕ್ಕೆ ಸರಿಯುತ್ತದೆ. 100ಕ್ಕೆ ಏರಿಸಿದರೆ ‘ತ’, ‘ಕ’ ಅಕ್ಷರಗಳ ಬೆನ್ನಿಗೇ ಇನ್ನೊಂದು ಸದ್ದು ಬಿಡಿಯಾಗಿ ಕೇಳುತ್ತದೆ. ಬೀಟಿನ ಹದಿನಾರನೆಯ ಒಂದು ಪಾಲಾದ 50ರಲ್ಲಿ ಪದಗಳು ಸ್ಪಷ್ಟವಾಗಿ ಮುಂದೆ ನಿಲ್ಲುತ್ತವೆ. ಆದರೆ ಗಾಯಕಿ ಸಾಲುಗಳ ನಡುವೆ ಎರಡು ಬೀಟ್, ಅಂದರೆ 1.6 ಸೆಕೆಂಡ್ ಮಾತ್ರ ಬಿಡುವು ಕೊಡುವುದರಿಂದ, ಡಿಕೇ 2.4 ಸೆಕೆಂಡ್ ಇದ್ದಾಗ ಸಾಲಿನ ಕೊನೆಯ ದೀರ್ಘ ಸ್ವರದ ಬಾಲವು ಮುಂದಿನ ಸಾಲಿನ ಮೊದಲ ಪದವನ್ನು ಮಸುಕಾಗಿಸುತ್ತದೆ, 1.2ಕ್ಕೆ ಇಳಿಸಿದರೆ ಆ ಬಿಡುವು ತೀರಾ ಬರಿದಾಗಿ, ಧ್ವನಿ ವಾದ್ಯಗಳ ಮೇಲೆ ಅಂಟಿಸಿದಂತೆ ಕೇಳುತ್ತದೆ.

ಡಿಕೇಯನ್ನು 1.6ರ ಆಸುಪಾಸಿಗೆ ತಂದು, ಡಿಲೇಯ ರಿಟರ್ನ್‌ನಿಂದ ಸ್ವಲ್ಪ ರಿವರ್ಬ್‌ಗೆ ಕಳುಹಿಸಿ ಬಿಡುವನ್ನು ತುಂಬುವುದು ಸರಿಯೋ, ಅಥವಾ 2.4ನ್ನೇ ಉಳಿಸಿಕೊಂಡು, ಗಾಯನ ಬಂದಾಗ ರಿವರ್ಬ್ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಹಾಕುವುದೋ? ಎರಡನೆಯದರಲ್ಲಿ ರಿವರ್ಬ್ ಏರಿಳಿಯುವುದು ಕಿವಿಗೆ ಗೊತ್ತಾಗದಂತೆ ರಿಲೀಸ್ ಎಷ್ಟಿಡಬೇಕೆಂಬುದನ್ನೂ ಅನುಭವಿಗಳು ದಯವಿಟ್ಟು ತಿಳಿಸಬೇಕು.